ಸ್ಲೈಡಿನಲ್ಲಿ ದಪ್ಪ ಮಾಡಿದ ಪದಗಳನ್ನಷ್ಟೇ ಓದಿದವರಿಗೆ ಅರ್ಥ ತಿರುವುಮುರುವಾಗುತ್ತಿದೆ: ಯಾವ ಪದವನ್ನು ದಪ್ಪ ಮಾಡಬೇಕು?

ಆರೋಗ್ಯ ತರಬೇತಿದಾರೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಮಟ್ಟದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತೇನೆ. ತರಬೇತಿಯ ದಿನ ಸ್ಲೈಡುಗಳನ್ನು ಪರದೆಯ ಮೇಲೆ ತೋರಿಸುತ್ತೇವೆ. ಆಮೇಲೆ ಅವುಗಳನ್ನೇ ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ, ಕೆಲವರಿಗೆ ಜೆರಾಕ್ಸ್ ಪ್ರತಿಯನ್ನೂ ಕೊಡುತ್ತೇವೆ. ಮನೆ ಭೇಟಿಗೆ ಹೊರಟ ಕಾರ್ಯಕರ್ತೆ ದಾರಿಯಲ್ಲಿ ಮೊಬೈಲ್ ತೆರೆದು ಸ್ಲೈಡಿನ ಮೇಲೆ ಕಣ್ಣಾಡಿಸುತ್ತಾಳೆಯೇ ಹೊರತು ಸಾಲು ಸಾಲಾಗಿ ಓದುವುದಿಲ್ಲ. ಹಾಗೆ ಕಣ್ಣಾಡಿಸುವವರಿಗೆ ಅನುಕೂಲವಾಗಲೆಂದು ನಾನು ಪ್ರತಿ ಸ್ಲೈಡಿನಲ್ಲೂ ಮುಖ್ಯ ಪದಗಳನ್ನು ಬೋಲ್ಡ್ ಮಾಡುತ್ತಾ ಬಂದಿದ್ದೇನೆ.

ಕಳೆದ ತರಬೇತಿಯ ಕೊನೆಯಲ್ಲಿ ಒಂದು ಸಣ್ಣ ಪರೀಕ್ಷೆ ಕೊಟ್ಟೆ. ಈ ಕೆಳಗಿನ ಸ್ಲೈಡನ್ನು ಹತ್ತು ಸೆಕೆಂಡು ತೋರಿಸಿ, ಅದರಲ್ಲಿ ಏನಿತ್ತೆಂದು ಬರೆಯಲು ಹೇಳಿದೆ. ಅದರಲ್ಲಿ "ಮೊದಲ 6 ತಿಂಗಳು" ಎಂಬುದನ್ನೂ ನಾಲ್ಕು ಪದಾರ್ಥಗಳ ಹೆಸರುಗಳನ್ನೂ ಮಾತ್ರ ದಪ್ಪ ಮಾಡಿದ್ದೆ.

> ಹುಟ್ಟಿದ ಮಗುವಿಗೆ ಮೊದಲ 6 ತಿಂಗಳು ಎದೆಹಾಲಿನ ಹೊರತಾಗಿ ನೀರು, ಜೇನುತುಪ್ಪ, ಸಕ್ಕರೆ ನೀರು, ಹಸುವಿನ ಹಾಲು ಇವುಗಳಲ್ಲಿ ಯಾವುದನ್ನೂ ಕೊಡಬಾರದು.

ಐದಾರು ಮಂದಿ "ಮೊದಲ 6 ತಿಂಗಳು ನೀರು, ಜೇನುತುಪ್ಪ" ಎಂದಷ್ಟೇ ಬರೆದಿದ್ದರು. ಒಬ್ಬರು ಅದರ ಮುಂದೆ "ಕೊಡಬೇಕಾದ ಆಹಾರ" ಎಂದೂ ಸೇರಿಸಿದ್ದರು. ಅವರಿಗೆ ವಿಷಯ ಗೊತ್ತಿಲ್ಲವೆಂದಲ್ಲ, ಬಾಯಿಮಾತಿನಲ್ಲಿ ಕೇಳಿದಾಗ ಸರಿಯಾಗಿಯೇ ಹೇಳಿದರು. ಸ್ಲೈಡು ಅವರ ಕಣ್ಣಿಗೆ ಕೊಟ್ಟದ್ದು ಮಾತ್ರ ಅದಕ್ಕೆ ತದ್ವಿರುದ್ಧವಾಗಿತ್ತು. ಅಂದಿನಿಂದ ನನಗೆ ಬಹಳ ಆತಂಕವಾಗಿದೆ. ದಪ್ಪ ಮಾಡುವುದನ್ನೇ ಬಿಡಬೇಕೇ, ಅಥವಾ ನಾನು ಪದಗಳನ್ನು ಆರಿಸಿದ್ದೇ ತಪ್ಪೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ನುಡಿ ಬಳಕೆದಾರ

ಮೇಡಂ, ನನಗೂ ಇದೇ ತೊಂದರೆ ಇದೆ. ಸ್ಲೈಡಿನಲ್ಲಿ ಕನ್ನಡ ಪದವನ್ನು ಆರಿಸಿ Ctrl+B ಒತ್ತಿದರೆ ಅಕ್ಷರ ಸರಿಯಾಗಿ ದಪ್ಪವಾಗುವುದಿಲ್ಲ, ಮಸಿ ಚೆಲ್ಲಿದಂತೆ ಕಾಣುತ್ತದೆ. ದ ಮತ್ತು ಧ ನಡುವಿನ ವ್ಯತ್ಯಾಸವೇ ತಿಳಿಯುವುದಿಲ್ಲ, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮ್ಮ ಓದುಗರು ತಪ್ಪಾಗಿ ಓದಿರುವುದಕ್ಕೂ ಅದೇ ಕಾರಣವಿರಬೇಕು. ಫಾಂಟ್ ಬದಲಾಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನನ್ನ ಅನಿಸಿಕೆ.

ಆರೋಗ್ಯ ತರಬೇತಿದಾರೆ

ಸರ್, ನನ್ನ ಸ್ಲೈಡಿನಲ್ಲಿ ಅಕ್ಷರಗಳು ಸ್ಪಷ್ಟವಾಗಿಯೇ ಇದ್ದವು. ಅವರು ಪದಗಳನ್ನು ತಪ್ಪಾಗಿ ಓದಿಲ್ಲ, ದಪ್ಪವಾಗಿದ್ದ ಪದಗಳನ್ನು ಸರಿಯಾಗಿ ಓದಿ ಉಳಿದವನ್ನು ಬಿಟ್ಟಿದ್ದಾರೆ. ನನ್ನ ಪ್ರಶ್ನೆ ಇರುವುದು ಪದಗಳ ಆಯ್ಕೆಯ ಬಗ್ಗೆ. ಆದರೂ ಫಾಂಟಿನ ವಿಷಯ ತಿಳಿದವರಿದ್ದರೆ ಅದನ್ನೂ ಹೇಳಲಿ, ಜೆರಾಕ್ಸ್ ಪ್ರತಿಯಲ್ಲಿ ನನಗೂ ಆ ತೊಂದರೆ ಕಂಡಿದೆ.

ಅಚ್ಚುಮೊಳೆ

ಮೇಡಂ, ನಾನು ಹಲವು ವರ್ಷಗಳಿಂದ ಪುಸ್ತಕ ಮತ್ತು ತರಬೇತಿ ಸಾಮಗ್ರಿಗಳ ಪುಟವಿನ್ಯಾಸ ಮಾಡುತ್ತಿದ್ದೇನೆ. ನಿಮ್ಮ ಸ್ಲೈಡಿನಲ್ಲಿ ಆದದ್ದಕ್ಕೆ ಕಾರಣ ಕನ್ನಡ ವಾಕ್ಯದ ಕಟ್ಟಡದಲ್ಲಿಯೇ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬೇಕು ಬೇಡಗಳನ್ನು ತೀರ್ಮಾನಿಸುವ ಭಾಗ ಆ ಕ್ರಿಯಾಪದದ ಬಾಲದಲ್ಲಿರುತ್ತದೆ. "ನೀರು, ಜೇನುತುಪ್ಪ" ಎಂಬಲ್ಲಿಯವರೆಗೆ ವಾಕ್ಯ ಯಾವ ಕಡೆಗೆ ಹೋಗುತ್ತದೆಂದು ಯಾರಿಗೂ ತಿಳಿಯುವುದಿಲ್ಲ, "ಕೊಡಬೇಕು" ಎಂದೂ ಮುಗಿಯಬಹುದು, "ಕೊಡಬಾರದು" ಎಂದೂ ಮುಗಿಯಬಹುದು. ನೀವು ನಾಮಪದಗಳನ್ನು ದಪ್ಪ ಮಾಡಿ ಕ್ರಿಯಾಪದವನ್ನು ತೆಳುವಾಗಿ ಬಿಟ್ಟಿದ್ದೀರಿ. ಕಣ್ಣಾಡಿಸುವವರಿಗೆ ವಸ್ತುಗಳ ಪಟ್ಟಿ ಸಿಕ್ಕಿತು, ಆ ವಸ್ತುಗಳನ್ನು ಏನು ಮಾಡಬೇಕೆಂಬುದು ಸಿಗಲಿಲ್ಲ. ಪಟ್ಟಿ ಮಾತ್ರ ಸಿಕ್ಕಾಗ ಮನಸ್ಸು ಸಹಜವಾಗಿ ಅದನ್ನು "ಮಾಡಬೇಕಾದದ್ದು" ಎಂದೇ ಓದಿಕೊಳ್ಳುತ್ತದೆ.

ಇದನ್ನು ಪತ್ತೆಹಚ್ಚಲು ನಾನು ಪ್ರತಿ ಸ್ಲೈಡಿಗೂ ಒಂದು ಪರೀಕ್ಷೆ ಮಾಡುತ್ತೇನೆ. Ctrl+D ಒತ್ತಿ ಸ್ಲೈಡಿನ ನಕಲು ಮಾಡಿಕೊಳ್ಳಿ. ನಕಲಿನಲ್ಲಿ ದಪ್ಪವಲ್ಲದ ಎಲ್ಲ ಪದಗಳ ಬಣ್ಣವನ್ನು ಹಿನ್ನೆಲೆಯ ಬಣ್ಣಕ್ಕೆ ತಿರುಗಿಸಿ. ಈಗ ಪರದೆಯ ಮೇಲೆ ಉಳಿದದ್ದನ್ನು, ವಿಷಯ ಗೊತ್ತಿಲ್ಲದವರಂತೆ, ಗಟ್ಟಿಯಾಗಿ ಓದಿ. ಉಳಿದದ್ದು ಅಪೂರ್ಣವಾಗಿದ್ದರೆ ಚಿಂತೆಯಿಲ್ಲ, ಓದುಗರು ಉಳಿದ ಪಠ್ಯಕ್ಕೆ ಹೋಗುತ್ತಾರೆ. ಅದು ಸುಳ್ಳಾಗಿದ್ದರೆ ಮಾತ್ರ ಆ ಸ್ಲೈಡು ಹೊರಗೆ ಹೋಗಬಾರದು. ನಿಮ್ಮ ಸ್ಲೈಡಿನಲ್ಲಿ ಉಳಿಯುವುದು "ಮೊದಲ 6 ತಿಂಗಳು, ನೀರು, ಜೇನುತುಪ್ಪ, ಸಕ್ಕರೆ ನೀರು, ಹಸುವಿನ ಹಾಲು" ಎಂಬುದಷ್ಟೇ. ನಿಮ್ಮ ಕಾರ್ಯಕರ್ತೆಯರು ಬರೆದದ್ದೂ ಅದನ್ನೇ.

ನುಡಿ ಬಳಕೆದಾರರೇ, ನೀವು ಹೇಳಿದ್ದು ಬೇರೆ ತೊಂದರೆಯಾದರೂ ನಿಜವಾದ ತೊಂದರೆ. ಫಾಂಟಿಗೆ ದಪ್ಪ ರೂಪವನ್ನು ಪ್ರತ್ಯೇಕವಾಗಿ ಬಿಡಿಸಿರದಿದ್ದರೆ ತಂತ್ರಾಂಶವು ತೆಳು ಅಕ್ಷರದ ಅಂಚುಗಳನ್ನೇ ಹಿಗ್ಗಿಸಿ ಹುಸಿ ದಪ್ಪ ತಯಾರಿಸುತ್ತದೆ. ಧ ಅಕ್ಷರದ ಕೆಳಗಿನ ಸೀಳು, ಥ ಅಕ್ಷರದ ಒಳಗಿನ ಚುಕ್ಕೆ, ಒತ್ತಕ್ಷರಗಳ ನಡುವಿನ ಬಿಳಿ ಜಾಗ ಎಲ್ಲವೂ ಹಾಗೆಯೇ ಮುಚ್ಚಿಹೋಗುತ್ತವೆ. ಲೋಹಿತ್ ಕನ್ನಡ, ತಿರೊ ಕನ್ನಡ ಫಾಂಟುಗಳಿಗೆ ದಪ್ಪ ರೂಪವಿಲ್ಲ. ವಿಂಡೋಸ್‌ನ ತುಂಗಾ ಮತ್ತು ನಿರ್ಮಲಾ ಯುಐ ಎರಡಕ್ಕೂ ಇದೆ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡಗಳಲ್ಲಿ ಹಲವು ತೂಕಗಳಿವೆ. ಲಿನಕ್ಸ್ ಬಳಸುವವರು ತಮ್ಮಲ್ಲಿರುವ ಫಾಂಟುಗಳ ರೂಪಗಳನ್ನು ಹೀಗೆ ನೋಡಬಹುದು:

```
fc-list :lang=kn family style
```

ಫಾಂಟಿನ ಹೆಸರಿನ ಮುಂದೆ Bold ಎಂದು ಕಾಣಿಸದಿದ್ದರೆ ಅದು ಹುಸಿ ದಪ್ಪವೆಂದು ತಿಳಿಯಿರಿ. ವಿಂಡೋಸ್‌ನಲ್ಲಿ ಫಾಂಟುಗಳ ಫೋಲ್ಡರ್ ತೆರೆದು ಆ ಫಾಂಟಿನ ಒಳಗೆ ದಪ್ಪ ರೂಪದ ಕಡತ ಬೇರೆಯಾಗಿ ಇದೆಯೇ ಎಂದು ನೋಡಿದರೆ ಸಾಕು.

ಓದುಗ 72

ಈ ಶ್ರಮವೇ ವ್ಯರ್ಥವೆಂದು ನನಗೆ ತೋರುತ್ತದೆ. ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಕಲಿಕೆಯ ಹತ್ತು ವಿಧಾನಗಳನ್ನು ಪರಿಶೀಲಿಸಿ, ಹೈಲೈಟ್ ಮಾಡುವುದು ಮತ್ತು ಅಡಿಗೆರೆ ಎಳೆಯುವುದನ್ನು ಕಡಿಮೆ ಪ್ರಯೋಜನದ ವಿಧಾನಗಳ ಸಾಲಿಗೆ ಸೇರಿಸಿದ್ದಾರೆ. ಸಂಶೋಧನೆಯೇ ಪ್ರಯೋಜನವಿಲ್ಲವೆಂದು ಹೇಳಿರುವಾಗ ಸ್ಲೈಡಿನಲ್ಲಿ ಯಾವುದನ್ನೂ ದಪ್ಪ ಮಾಡದೆ ಸರಳವಾದ ಸಣ್ಣ ವಾಕ್ಯಗಳನ್ನು ಬರೆಯುವುದು ಉತ್ತಮವಲ್ಲವೇ?

ಅಚ್ಚುಮೊಳೆ

ಆ ಪರಿಶೀಲನೆಯ ಬಗ್ಗೆ ನೀವು ಹೇಳಿದ್ದು ಸರಿ, ಆದರೆ ಅದು ಮುಖ್ಯವಾಗಿ ವಿದ್ಯಾರ್ಥಿ ತಾನು ಓದುವಾಗ ತಾನೇ ಬಣ್ಣ ಬಳಿಯುವ ಅಭ್ಯಾಸದ ಬಗ್ಗೆ ಹೇಳಿದ ಮಾತು. ವಿಷಯ ಬಲ್ಲವರು ಮೊದಲೇ ಗುರುತು ಹಾಕಿ ಕೊಟ್ಟ ಪಠ್ಯದಲ್ಲಿ ಗುರುತು ಓದುಗರ ಗಮನವನ್ನು ಎಳೆದೇ ಎಳೆಯುತ್ತದೆ, ಅದು ಒಳ್ಳೆಯದಕ್ಕೂ ಆಗಬಹುದು, ಕೆಟ್ಟದ್ದಕ್ಕೂ ಆಗಬಹುದು. ಈ ಚರ್ಚೆಗೆ ಹತ್ತಿರವಾದದ್ದು ಸಿಲ್ವರ್ಸ್ ಮತ್ತು ಕ್ರೈನರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ. ಅಸಂಬದ್ಧವಾದ ಕಡೆಗಳಲ್ಲಿ ಮೊದಲೇ ಹೈಲೈಟ್ ಮಾಡಿದ್ದ ಪಠ್ಯವನ್ನು ಓದಿದವರು, ಏನೂ ಗುರುತಿಲ್ಲದ ಪಠ್ಯವನ್ನು ಓದಿದವರಿಗಿಂತ ಕಡಿಮೆ ಅರ್ಥಮಾಡಿಕೊಂಡರು. ಗುರುತುಗಳನ್ನು ಲೆಕ್ಕಿಸಬೇಡಿ ಎಂದು ಮೊದಲೇ ಎಚ್ಚರಿಸಿದಾಗಲೂ ಆ ಹಾನಿ ತಪ್ಪಲಿಲ್ಲ. ಮೇಡಂ ಅವರ ತರಬೇತಿಯಲ್ಲಿ ನಡೆದದ್ದು ಇದೇ ಬಗೆಯದು. ಪ್ರಯೋಜನವಿಲ್ಲವೆಂದು ಕೈಬಿಡುವಂಥ ಸಾಧನ ಇದಲ್ಲ, ತಪ್ಪಾಗಿ ಬಳಸಿದರೆ ಕೆಡುಕು ಮಾಡುವಷ್ಟು ಬಲ ಇದಕ್ಕಿದೆ.

ಓದುಗ 72

ಓದುಗರೇ ಹಾಕುವ ಗುರುತು ಮತ್ತು ಬರೆದವರು ಹಾಕುವ ಗುರುತು ಎಂಬ ವ್ಯತ್ಯಾಸವನ್ನು ನಾನು ಗಮನಿಸಿರಲಿಲ್ಲ, ಒಪ್ಪುತ್ತೇನೆ. ಆದರೂ ವಾಕ್ಯ ಚಿಕ್ಕದಾಗಿದ್ದರೆ ಗುರುತಿನ ಅವಶ್ಯಕತೆ ಬಹಳಷ್ಟು ಕಡಿಮೆಯಾಗುತ್ತದೆ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ವಾಣಿಜ್ಯ ಉಪನ್ಯಾಸಕ

ನನ್ನ ಅನುಭವ ಬೇರೆ ರೀತಿಯದು. ನಾನು ಪದವಿ ತರಗತಿಗಳಿಗೆ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಸವಕಳಿ, ಬಂಡವಾಳ ವೆಚ್ಚ, ಆಯವ್ಯಯ ಹೀಗೆ ಪ್ರತಿ ಪಾರಿಭಾಷಿಕ ಪದವನ್ನೂ ಅದು ಮೊದಲ ಬಾರಿ ಬಂದ ಸ್ಲೈಡಿನಲ್ಲಿ ದಪ್ಪ ಮಾಡುತ್ತೇನೆ. ಅವೆಲ್ಲ ನಾಮಪದಗಳೇ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ನೂರು ಸ್ಲೈಡುಗಳನ್ನು ಬೆರಳಿನಿಂದ ಸರಿಸುತ್ತಾ "ಸವಕಳಿ ಎಲ್ಲಿತ್ತು" ಎಂದು ಹುಡುಕುವಾಗ ಆ ದಪ್ಪ ಪದಗಳೇ ಅವರಿಗೆ ದಾರಿ ತೋರಿಸುತ್ತವೆ. ಕ್ರಿಯಾಪದವನ್ನು ದಪ್ಪ ಮಾಡಬೇಕೆಂಬ ನಿಯಮವನ್ನು ನಾನು ಪಾಲಿಸಿದರೆ ಸ್ಲೈಡಿನ ತುಂಬ "ಕಳೆಯಬೇಕು", "ಕೂಡಿಸಬೇಕು" ಎಂಬ ಪದಗಳೇ ಎದ್ದು ಕಾಣುತ್ತವೆ, ಅವುಗಳಿಂದ ಯಾರಿಗೂ ಏನೂ ಸಿಗುವುದಿಲ್ಲ.

ಅಚ್ಚುಮೊಳೆ

ಸರ್, ನಿಮ್ಮ ಬಳಕೆ ಸರಿಯಾಗಿಯೇ ಇದೆ. ನಿಮ್ಮ ವಿದ್ಯಾರ್ಥಿ ಜಾಗ ಹುಡುಕುತ್ತಾನೆ, ಸಿಕ್ಕ ಮೇಲೆ ನಿಂತು ಓದುತ್ತಾನೆ. ಮೇಡಂ ಅವರ ಕಾರ್ಯಕರ್ತೆ ಒಂದು ಕ್ಷಣ ನೋಡಿ, ನೋಡಿದ್ದನ್ನು ಮನೆಯೊಳಗೆ ಹೋಗಿ ಹೇಳುತ್ತಾಳೆ. ನಿಮ್ಮಲ್ಲಿ ದಪ್ಪ ಪದ ವಿಳಾಸದ ಫಲಕದಂತೆ, ಅವರಲ್ಲಿ ಅದೇ ಸಂದೇಶವಾಗಿಬಿಡುತ್ತದೆ. ಆದ್ದರಿಂದ "ಯಾವಾಗಲೂ ಕ್ರಿಯಾಪದವನ್ನೇ ದಪ್ಪ ಮಾಡಿ" ಎಂಬ ನಿಯಮವನ್ನು ನಾನೂ ಹೇಳುವುದಿಲ್ಲ. ಯಾವ ಪದವನ್ನು ನೋಡದಿದ್ದರೆ ಓದುಗರು ತಪ್ಪು ಊಹೆ ಮಾಡುತ್ತಾರೋ ಆ ಪದಕ್ಕೆ ದಪ್ಪ ಸಲ್ಲಬೇಕು ಎಂಬುದು ನಾನು ಅನುಸರಿಸುವ ಕ್ರಮ. ಒಂದೇ ಸ್ಲೈಡಿನಲ್ಲಿ ಎರಡೂ ಬಗೆಯ ಗುರುತುಗಳನ್ನು ಬೆರೆಸಿದಾಗ ಮಾತ್ರ ಗೊಂದಲವಾಗುತ್ತದೆ, ಏಕೆಂದರೆ ಯಾವ ದಪ್ಪ ಪದ ಫಲಕ, ಯಾವುದು ಸಂದೇಶ ಎಂದು ಓದುಗರಿಗೆ ತಿಳಿಯುವುದಿಲ್ಲ.

ಆರೋಗ್ಯ ತರಬೇತಿದಾರೆ

ಬಹಳ ಉಪಕಾರವಾಯಿತು ಸರ್. ತಪ್ಪು ಊಹೆ ಎಲ್ಲಿ ಆಗುತ್ತದೆ ಎಂಬ ದೃಷ್ಟಿಯಿಂದ ನಾನು ಎಂದೂ ಯೋಚಿಸಿರಲಿಲ್ಲ. ಹಾಗಾದರೆ ನನ್ನ ಇನ್ನೊಂದು ಸ್ಲೈಡನ್ನೂ ನೋಡಿ, ಇದು ಭೇದಿಯಾದ ಮಗುವಿನ ಆರೈಕೆಗೆ ಸಂಬಂಧಿಸಿದ್ದು.

> ಓಆರ್‌ಎಸ್ ಒಂದು ಪೊಟ್ಟಣವನ್ನು 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ 24 ಗಂಟೆ ಒಳಗೆ ಬಳಸಬೇಕು. ಜಿಂಕ್ ಮಾತ್ರೆಯನ್ನು 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ, 6 ತಿಂಗಳಿಂದ 5 ವರ್ಷದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ ಪ್ರಮಾಣದಲ್ಲಿ 14 ದಿನ ಕೊಡಬೇಕು, ಭೇದಿ ನಿಂತರೂ ನಿಲ್ಲಿಸಬಾರದು.

ಇಲ್ಲಿ ಅಂಕಿಗಳನ್ನು ತೆಳುವಾಗಿ ಬಿಡಲು ಧೈರ್ಯ ಬರುವುದಿಲ್ಲ, ಪ್ರಮಾಣ ತಪ್ಪಿದರೆ ಮಗುವಿಗೆ ತೊಂದರೆಯಾಗುತ್ತದೆ. ಆದರೆ ನೀವು ಹೇಳಿದ ಪರೀಕ್ಷೆ ಮಾಡಿದಾಗ ಉಳಿದದ್ದು "1, 24, 10, 20, 14" ಎಂಬ ಐದು ಅಂಕಿಗಳ ಸಾಲು.

ಅಚ್ಚುಮೊಳೆ

ಅದರಲ್ಲಿ ಸುಳ್ಳಿಲ್ಲ, ಆದರೆ ಯಾವ ಅಂಕಿ ಯಾವುದಕ್ಕೆ ಸೇರಿದ್ದೆಂಬ ಬಂಧವೇ ಕಳಚಿಹೋಗಿದೆ. 10 ಮತ್ತು 20 ಎರಡೂ ದಪ್ಪವಾಗಿವೆ, ಅವುಗಳನ್ನು ಬೇರ್ಪಡಿಸುವ ವಯಸ್ಸು ತೆಳುವಾಗಿದೆ. ವಯಸ್ಸನ್ನೂ ದಪ್ಪ ಮಾಡಿದರೆ ಇಡೀ ವಾಕ್ಯವೇ ದಪ್ಪವಾಗುತ್ತದೆ, ಆಗ ಯಾವುದೂ ಎದ್ದು ಕಾಣುವುದಿಲ್ಲ. ಇಂಥ ಕಡೆ ದಪ್ಪ ಅಕ್ಷರಕ್ಕೆ ಮಾಡಲಾಗದ ಕೆಲಸವನ್ನು ಕೋಷ್ಟಕ ಮಾಡುತ್ತದೆ. ಎರಡೇ ಸಾಲಿನ ಕೋಷ್ಟಕ ಹಾಕಿ, ಎಡಕ್ಕೆ ವಯಸ್ಸು, ಬಲಕ್ಕೆ ಪ್ರಮಾಣ. 20 ಮಿ.ಗ್ರಾಂ ಮಾತ್ರೆಯಾದ್ದರಿಂದ ಒಂದು ಸಾಲಿನಲ್ಲಿ "ಅರ್ಧ ಮಾತ್ರೆ", ಇನ್ನೊಂದರಲ್ಲಿ "1 ಮಾತ್ರೆ" ಎಂದು ಬರೆದರೆ ಕಾರ್ಯಕರ್ತೆ ಲೆಕ್ಕ ಮಾಡುವ ಅವಶ್ಯಕತೆಯೂ ಇಲ್ಲ. ಕೋಷ್ಟಕದೊಳಗೆ ಯಾವುದನ್ನೂ ದಪ್ಪ ಮಾಡಬೇಡಿ. ಓಆರ್‌ಎಸ್ ತಯಾರಿಕೆ ಬೇರೆ ಸ್ಲೈಡಿಗೆ ಹೋಗಲಿ.

ಇನ್ನು ಈ ಸ್ಲೈಡಿನಲ್ಲಿ ದಪ್ಪ ಮಾಡಲೇಬೇಕಾದ ಒಂದು ಪದವಿದೆ, ಅದನ್ನೇ ನೀವು ತೆಳುವಾಗಿ ಬಿಟ್ಟಿದ್ದೀರಿ. ತಾಯಂದಿರು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಆರೋಗ್ಯ ತರಬೇತಿದಾರೆ

ಭೇದಿ ನಿಂತ ಕೂಡಲೇ ಜಿಂಕ್ ಕೊಡುವುದನ್ನು ನಿಲ್ಲಿಸಿಬಿಡುತ್ತಾರೆ. ಮೂರು ನಾಲ್ಕು ಮಾತ್ರೆ ಕೊಟ್ಟು ಉಳಿದ ಮಾತ್ರೆಗಳನ್ನು ಕಪಾಟಿನಲ್ಲಿಟ್ಟಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. "14 ದಿನ" ಎಂದು ಅವರಿಗೆ ಗೊತ್ತಿರುತ್ತದೆ, ಆದರೆ ಅದನ್ನು "ಭೇದಿ ಇದ್ದರೆ 14 ದಿನದವರೆಗೆ" ಎಂದು ಅರ್ಥ ಮಾಡಿಕೊಂಡಿರುತ್ತಾರೆ. ಅಂದರೆ ನಾನು ದಪ್ಪ ಮಾಡಬೇಕಿದ್ದದ್ದು "ಭೇದಿ ನಿಂತರೂ" ಎಂಬುದನ್ನು!

ಕನ್ನಡ ಶಿಕ್ಷಕಿ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು, ಈ ಮಾತು ಬಂದದ್ದರಿಂದ ಬರೆಯಬೇಕೆನಿಸಿತು. "ನಿಂತರೆ" ಮತ್ತು "ನಿಂತರೂ" ಎಂಬ ಎರಡು ರೂಪಗಳ ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ ಮಾತ್ರ, ಅರ್ಥದಲ್ಲಾದರೋ ಒಂದು ಕೊಡುವುದನ್ನು ನಿಲ್ಲಿಸುತ್ತದೆ, ಇನ್ನೊಂದು ಮುಂದುವರಿಸುತ್ತದೆ. ಒತ್ತು ಕೊಡುವ ಕೆಲಸವನ್ನು ನಮ್ಮ ಭಾಷೆ ಬಹುಪಾಲು ಇಂಥ ಪದಾಂತ್ಯಗಳಿಂದಲೇ ಮಾಡುತ್ತದೆ. "ಎದೆಹಾಲು ಕೊಡಿ" ಎಂಬುದಕ್ಕೂ "ಎದೆಹಾಲನ್ನೇ ಕೊಡಿ" ಎಂಬುದಕ್ಕೂ ಇರುವ ಅಂತರ ಆ ಏಕಾರದಲ್ಲಿದೆ. ಕನ್ನಡದಲ್ಲಿ ಬರೆಯುವವರು ದಪ್ಪ ಅಕ್ಷರಕ್ಕೆ ಕೈಹಾಕುವ ಮುಂಚೆ ವಾಕ್ಯದೊಳಗೆ "ಮಾತ್ರ", "ಮೊದಲೇ", "ಒಳಗೇ" ಎಂಬಂಥ ಮಾತುಗಳಿಂದ ಒತ್ತು ತರಲು ಸಾಧ್ಯವೇ ಎಂದು ನೋಡಬೇಕೆಂಬುದು ನನ್ನ ವಿನಂತಿ.

ಆದರೆ ಒತ್ತಿನ ಮಾತುಗಳೆಂದರೆ ಅನೇಕರು "ಅತಿ ಮುಖ್ಯ", "ದಯವಿಟ್ಟು ಗಮನಿಸಿ", "ಕಡ್ಡಾಯವಾಗಿ" ಎಂಬವುಗಳನ್ನು ಮಾತ್ರ ನೆನೆಯುತ್ತಾರೆ. ಹತ್ತು ಸ್ಲೈಡುಗಳಲ್ಲಿ "ಅತಿ ಮುಖ್ಯ" ಎಂದಿದ್ದರೆ ಹನ್ನೊಂದನೆಯದರಲ್ಲಿ ಆ ಮಾತನ್ನು ಯಾರೂ ಓದುವುದಿಲ್ಲ. "ನಿಂತರೂ" ಎಂಬುದು ಹಾಗಲ್ಲ, ಅದು ವಿಷಯದ ಒಂದು ಅಂಗವೇ ಆಗಿದೆ.

ಇನ್ನೊಂದು ಸಲಹೆ. ಮೊದಲ ಸ್ಲೈಡಿನಲ್ಲಿ ನಿಷೇಧ ವಾಕ್ಯದ ಕೊನೆಗೆ ಬರುವುದೇ ತೊಂದರೆಯಾದರೆ, ಇಂಗ್ಲಿಷಿನ ಅನುಕರಣೆ ಮಾಡಿ "ಕೊಡಬೇಡಿ ನೀರು, ಜೇನುತುಪ್ಪ" ಎಂದು ಪದಗಳನ್ನು ಹಿಂದುಮುಂದು ಮಾಡಬೇಕಿಲ್ಲ. "ಕೊಡಬಾರದ್ದು" ಎಂದು ಕ್ರಿಯೆಯನ್ನೇ ನಾಮಪದ ಮಾಡಿದರೆ ಅದು ಸಹಜವಾಗಿ ವಾಕ್ಯದ ತಲೆಗೆ ಬರುತ್ತದೆ, ಪಟ್ಟಿ ಅದರ ಹಿಂದೆ ನಿಲ್ಲುತ್ತದೆ. ಮನೆಯ ಹಿರಿಯರೂ "ಬಾಣಂತಿ ತಿನ್ನಬಾರದ್ದು ಯಾವುದು" ಎಂದೇ ಕೇಳುತ್ತಾರೆ.

ಕೊನೆಯದಾಗಿ ಒಂದು ಪ್ರಶ್ನೆ. ಪದದ ಕೊನೆಯ ಭಾಗವನ್ನು ಮಾತ್ರ ದಪ್ಪ ಮಾಡಬಹುದಲ್ಲವೇ? ವಿಭಕ್ತಿ ಪಾಠದಲ್ಲಿ ನಾನು "ಮರದಲ್ಲಿ", "ಮರದಿಂದ" ಎಂಬಲ್ಲಿ "ದಲ್ಲಿ", "ದಿಂದ" ಎಂಬುದನ್ನಷ್ಟೇ ದಪ್ಪ ಮಾಡಿ ಬರೆಯುತ್ತೇನೆ. ಅದರಂತೆ "ಕೊಡಬಾರದು" ಎಂಬಲ್ಲಿ "ಬಾರದು", "ನಿಂತರೂ" ಎಂಬಲ್ಲಿ "ರೂ" ಮಾತ್ರ ದಪ್ಪ ಮಾಡಿದರೆ ಕಣ್ಣು ನೇರವಾಗಿ ಅಗತ್ಯದ ಜಾಗಕ್ಕೇ ಹೋಗುತ್ತದೆ.

ಅಚ್ಚುಮೊಳೆ

ಮೇಡಂ, "ಕೊಡಬಾರದ್ದು" ಎಂಬ ಸಲಹೆ ನನಗೆ ಹೊಳೆದಿರಲಿಲ್ಲ, ಅದು ನನ್ನ ಉತ್ತರಕ್ಕಿಂತ ಚೆನ್ನಾಗಿದೆ.

ಅರ್ಧ ಪದವನ್ನು ದಪ್ಪ ಮಾಡುವುದನ್ನು ಮಾತ್ರ ನಾನು ಒಪ್ಪಲಾರೆ. ಮೊದಲನೆಯದು ತಾಂತ್ರಿಕ ಕಾರಣ. "ಕೊಡ" ಮತ್ತು "ಬಾರದು" ನಡುವೆ ಅಕ್ಷರದ ಗಡಿ ಇರುವುದರಿಂದ ಅಲ್ಲಿ ತೊಂದರೆಯಾಗುವುದಿಲ್ಲ. "ಎದೆಹಾಲನ್ನೇ" ಎಂಬಲ್ಲಿ ಒತ್ತು ಇರುವುದು "ನ್ನೇ" ಎಂಬ ಒಂದೇ ಸಂಯುಕ್ತಾಕ್ಷರದ ಸ್ವರದಲ್ಲಿ. ಆ ಅಕ್ಷರದ ನಡುವೆ ತೆಳು ಮತ್ತು ದಪ್ಪದ ಗಡಿ ಹಾಕಲು ಹೋದರೆ ತಂತ್ರಾಂಶ ಅದನ್ನು ಎರಡು ತುಂಡಾಗಿ ಕಾಣುತ್ತದೆ, ಒತ್ತಕ್ಷರ ಕೆಳಗೆ ಕೂರದೆ ಬಿಡಿಯಾಗಿ ನಿಲ್ಲಬಹುದು, ಕೆಲವೊಮ್ಮೆ ಸ್ವರಚಿಹ್ನೆಯ ಪಕ್ಕದಲ್ಲಿ ಚುಕ್ಕೆಗಳ ವೃತ್ತವೂ ಕಾಣಿಸಿಕೊಳ್ಳುತ್ತದೆ. ಎರಡನೆಯದು ಓದಿನ ಕಾರಣ. ಪ್ರತ್ಯಯವನ್ನೇ ಕಲಿಸುವ ಪಾಠದಲ್ಲಿ ವಿದ್ಯಾರ್ಥಿ ನಿಂತು ನೋಡುತ್ತಾನೆ, ಅಲ್ಲಿ ನಿಮ್ಮ ಕ್ರಮ ಸೂಕ್ತ. ಕಣ್ಣಾಡಿಸುವವರಿಗೆ "ಬಾರದು" ಎಂಬುದಷ್ಟೇ ಸಿಕ್ಕರೆ ಏನು ಬಾರದು ಎಂದು ಮತ್ತೆ ಹುಡುಕಬೇಕಾಗುತ್ತದೆ.

ಕನ್ನಡ ಶಿಕ್ಷಕಿ

ಸಂಯುಕ್ತಾಕ್ಷರದ ವಿಷಯ ಒಪ್ಪಿದೆ. ಓದಿನ ವಿಷಯದಲ್ಲಿ ನನಗೆ ಇನ್ನೂ ಸಂದೇಹವಿದೆ. "ಮುಟ್ಟಬಾರದು" ಎಂಬಲ್ಲಿ "ಬಾರದು" ಮಾತ್ರ ದಪ್ಪವಾಗಿ ಬರೆದು ತರಗತಿಯ ಗೋಡೆಗೆ ಹಾಕಿದ್ದನ್ನು ನನ್ನ ಮಕ್ಕಳು ದೂರದಿಂದಲೇ ಸರಿಯಾಗಿ ಓದುತ್ತಾರೆ. ಎರಡೂ ರೀತಿಯಲ್ಲಿ ಬರೆದು ಯಾರಾದರೂ ಹೋಲಿಸಿ ನೋಡಿದರೆ ಒಳ್ಳೆಯದು.

ಕಿವಿಯೋದುಗ

ನನಗೆ ದೃಷ್ಟಿಯಿಲ್ಲ, ಸ್ಲೈಡುಗಳನ್ನು ಎನ್‌ವಿಡಿಎ ತಂತ್ರಾಂಶದ ಧ್ವನಿಯ ಮೂಲಕ ಓದುತ್ತೇನೆ. ಪದ ದಪ್ಪವಾಗಿದೆಯೋ ಇಲ್ಲವೋ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಅಕ್ಷರದ ಗುಣಗಳನ್ನು ಹೇಳಬೇಕೆಂದು ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಬಹುದು, ಆದರೆ ಆಗ ದಪ್ಪ ಪದಗಳು ತುಂಬಿರುವ ಸ್ಲೈಡಿನಲ್ಲಿ ಪ್ರತಿ ಪದಕ್ಕೂ ಘೋಷಣೆ ಕೇಳಿ ವಾಕ್ಯವೇ ಒಡೆದುಹೋಗುತ್ತದೆ. ಆದ್ದರಿಂದ ನನಗೆ ಒತ್ತು ತಲುಪುವುದು ಶಿಕ್ಷಕಿಯವರು ಹೇಳಿದಂಥ ಮಾತುಗಳಿಂದ ಮಾತ್ರ. "ಕೊಡಬಾರದ್ದು" ಎಂಬುದು ಮೊದಲೇ ಕಿವಿಗೆ ಬಿದ್ದರೆ ಮುಂದಿನ ಪಟ್ಟಿಯನ್ನು ಹೇಗೆ ಕೇಳಬೇಕೆಂದು ತಿಳಿಯುತ್ತದೆ. ಹಿಂದಿನ ಸ್ಲೈಡಿನಲ್ಲಿ ನಾಲ್ಕು ಪದಾರ್ಥಗಳ ಹೆಸರು ಕೇಳಿದ ಮೇಲೆ ಕೊನೆಗೆ ನಿಷೇಧ ಬರುತ್ತಿತ್ತು, ನಾನು ನಡುವೆ ಮುಂದಿನ ಸಾಲಿಗೆ ಹಾರಿದ್ದರೆ ನನಗೂ ಅರ್ಥ ತಿರುವುಮುರುವಾಗುತ್ತಿತ್ತು.

ನುಡಿ ಬಳಕೆದಾರ

ಫಾಂಟ್ ವಿಷಯಕ್ಕೆ ಧನ್ಯವಾದಗಳು. ನೋಡಿದೆ, ನಾನು ಬಳಸುತ್ತಿದ್ದದ್ದು ಲೋಹಿತ್ ಕನ್ನಡ, ಅದರಲ್ಲಿ ದಪ್ಪ ರೂಪ ಇಲ್ಲವೇ ಇಲ್ಲ. ನೋಟೊ ಹಾಕಿದ ಮೇಲೆ ಧ ಸ್ಪಷ್ಟವಾಗಿದೆ. ಒಂದು ಸಂಶಯ ಉಳಿದಿದೆ. ದಪ್ಪ ಮಾಡುವ ಬದಲು ಹಳದಿ ಹೈಲೈಟ್ ಅಥವಾ ಅಡಿಗೆರೆ ಹಾಕಿದರೆ ಫಾಂಟಿನ ರಗಳೆಯೇ ಇರುವುದಿಲ್ಲವಲ್ಲ?

ಅಚ್ಚುಮೊಳೆ

ಅಡಿಗೆರೆ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, "ಮಕ್ಕಳಿಗೆ" ಎಂದು ಬರೆದು ಅಡಿಗೆರೆ ಹಾಕಿದರೆ ಗೆರೆ ನೇರವಾಗಿ ಕ ಒತ್ತಿನ ಮೇಲೆಯೇ ಹಾದುಹೋಗುತ್ತದೆ. ಹಳದಿ ಬಣ್ಣ ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಿಟಕಿಗಳು ತೆರೆದಿರುವ ಸಭಾಂಗಣದಲ್ಲಿ ಹಳೆಯ ಪ್ರೊಜೆಕ್ಟರ್ ಹಾಕಿದರೆ ಅದು ಬಿಳಿಯಲ್ಲಿ ಕರಗಿಹೋಗುತ್ತದೆ, ಜೆರಾಕ್ಸ್‌ನಲ್ಲಿ ಒಂದೋ ಮಾಯವಾಗುತ್ತದೆ, ಇಲ್ಲವೇ ಬೂದು ಪಟ್ಟೆಯಾಗಿ ಅಕ್ಷರವನ್ನು ಮಂಕು ಮಾಡುತ್ತದೆ. ಹಸಿರನ್ನು "ಮಾಡಿ" ಎಂಬುದಕ್ಕೂ ಕೆಂಪನ್ನು "ಮಾಡಬೇಡಿ" ಎಂಬುದಕ್ಕೂ ಬಳಸುವವರಿದ್ದಾರೆ, ಆ ಎರಡು ಬಣ್ಣಗಳ ಭೇದ ಕಾಣದವರಿಗೆ ಮತ್ತು ಕಪ್ಪುಬಿಳುಪು ಪ್ರತಿ ಹಿಡಿದವರಿಗೆ ಆ ವ್ಯತ್ಯಾಸ ತಲುಪುವುದಿಲ್ಲ. ಪರದೆ, ಮೊಬೈಲ್, ಜೆರಾಕ್ಸ್ ಮೂರರಲ್ಲೂ ಉಳಿಯುವುದು ನಿಜವಾದ ದಪ್ಪ ಅಕ್ಷರ. ಬಣ್ಣ ಬೇಕೆನಿಸಿದರೆ ದಪ್ಪ ಮಾಡಿದ ಪದಕ್ಕೇ ಬಣ್ಣವನ್ನೂ ಕೊಡಿ, ಬಣ್ಣವನ್ನೊಂದೇ ನಂಬಬೇಡಿ.

ಆರೋಗ್ಯ ತರಬೇತಿದಾರೆ

ಎಲ್ಲರ ಮಾತುಗಳನ್ನೂ ಇಟ್ಟುಕೊಂಡು ಎರಡು ಸ್ಲೈಡುಗಳನ್ನು ಮತ್ತೆ ಬರೆದಿದ್ದೇನೆ. ಮೊದಲನೆಯದು ಹೀಗಿದೆ:

> ಮೊದಲ 6 ತಿಂಗಳು ಎದೆಹಾಲು ಮಾತ್ರ
>
> ಕೊಡಬಾರದ್ದು: ನೀರು, ಜೇನುತುಪ್ಪ, ಸಕ್ಕರೆ ನೀರು, ಹಸುವಿನ ಹಾಲು

ಜಿಂಕ್ ಸ್ಲೈಡಿನಲ್ಲಿ ವಯಸ್ಸು ಮತ್ತು ಪ್ರಮಾಣದ ಕೋಷ್ಟಕ ಹಾಕಿ, ಅದರ ಕೆಳಗೆ ಒಂದೇ ವಾಕ್ಯ ಬರೆದೆ:

> ಭೇದಿ ನಿಂತರೂ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ಕೊಡಬೇಕು.

ಓಆರ್‌ಎಸ್ ಸ್ಲೈಡಿನಲ್ಲಿ "1 ಲೀಟರ್" ಎಂಬುದನ್ನು ಮಾತ್ರ ದಪ್ಪ ಮಾಡಿದೆ, ಏಕೆಂದರೆ ಒಂದು ಲೋಟ ನೀರಿಗೆ ಇಡೀ ಪೊಟ್ಟಣ ಸುರಿಯುವುದನ್ನು ನಾನೇ ಕಂಡಿದ್ದೇನೆ. ನಿನ್ನೆ ನಾಲ್ವರು ಕಾರ್ಯಕರ್ತೆಯರಿಗೆ ಮೊದಲ ಸ್ಲೈಡನ್ನು ಹತ್ತು ಸೆಕೆಂಡು ತೋರಿಸಿದೆ. ನಾಲ್ವರೂ "ಎದೆಹಾಲು ಮಾತ್ರ" ಎಂದು ಬರೆದರು. ಕೊಡಬಾರದ ಪದಾರ್ಥಗಳಲ್ಲಿ ಎರಡಕ್ಕಿಂತ ಹೆಚ್ಚು ಯಾರಿಗೂ ನೆನಪಾಗಲಿಲ್ಲ, ಆದರೆ ಯಾರೂ ಅವುಗಳನ್ನು ಕೊಡಬೇಕಾದ ಪಟ್ಟಿಗೆ ಸೇರಿಸಲಿಲ್ಲ.

ಓದುಗ 72

ಎರಡು ಸ್ಲೈಡುಗಳನ್ನು ಒಟ್ಟಿಗೆ ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ಮೊದಲನೆಯದರಲ್ಲಿ "ಎದೆಹಾಲು ಮಾತ್ರ" ಎಂಬುದು ಅತ್ಯಂತ ದಪ್ಪವಾಗಿದೆ, ಎರಡನೆಯದರಲ್ಲಿ 2ರಿಂದ 6 ತಿಂಗಳ ಮಗುವಿಗೆ ಜಿಂಕ್ ಕೊಡಬೇಕೆಂದಿದೆ. ಕಣ್ಣಾಡಿಸಿದವರು "ಮಾತ್ರ" ಎಂಬುದನ್ನೇ ಹಿಡಿದು, ನಾಲ್ಕು ತಿಂಗಳ ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಕೂಡ ಕೊಡಬಾರದೆಂದು ತಿಳಿದರೆ?

ಆರೋಗ್ಯ ತರಬೇತಿದಾರೆ

ನೀವು ಹೇಳಿದ್ದು ನಿಜವಾದ ಅಪಾಯ ಸರ್. ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯಲ್ಲಿಯೇ ಔಷಧಿ, ವಿಟಮಿನ್ ಹನಿ ಮತ್ತು ಓಆರ್‌ಎಸ್‌ಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆ ಮಾತನ್ನು ಮೊದಲ ಸ್ಲೈಡಿನ ಕೆಳಗೆ ತೆಳು ಅಕ್ಷರದಲ್ಲಿ ಬರೆದರೆ ಯಾರೂ ಓದುವುದಿಲ್ಲ, ದಪ್ಪ ಮಾಡಿದರೆ "ಮಾತ್ರ" ಎಂಬುದರ ಬಲ ಕುಗ್ಗುತ್ತದೆ, ಆಗ ಸಕ್ಕರೆ ನೀರೂ ನಡೆಯುತ್ತದೆಂದು ಭಾವಿಸಬಹುದು.

ಅಚ್ಚುಮೊಳೆ

ವಿನಾಯಿತಿ ಬೇಕಾಗುವುದು ಮಗುವಿಗೆ ಭೇದಿಯಾದಾಗ. ಆಗ ಕಾರ್ಯಕರ್ತೆ ತೆರೆಯುವುದು ಭೇದಿಯ ಸ್ಲೈಡನ್ನು. ಆದ್ದರಿಂದ ಆ ಸ್ಲೈಡಿನ ಶೀರ್ಷಿಕೆಯಲ್ಲಿಯೇ "6 ತಿಂಗಳೊಳಗಿನ ಮಗುವಿಗೂ" ಎಂದು ಬರುವಂತೆ ಮಾಡಬಹುದೆಂದು ತೋರುತ್ತದೆ. ಆದರೆ ಮೊದಲ ಸ್ಲೈಡನ್ನು ಮಾತ್ರ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಅದು ತಲುಪುವುದಿಲ್ಲ, ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ.

ಕನ್ನಡ ಶಿಕ್ಷಕಿ

"ಕೊಡಬಾರದ್ದು" ಸಾಲಿನ ಕೆಳಗೆ ಅದೇ ಗಾತ್ರದಲ್ಲಿ, ಅದೇ ದಪ್ಪದಲ್ಲಿ "ವೈದ್ಯರು ಹೇಳಿದರೆ ಕೊಡಬೇಕಾದದ್ದು: ಔಷಧಿ, ಹನಿ, ಓಆರ್‌ಎಸ್" ಎಂದು ಜೋಡಿಯಾಗಿ ಹಾಕಿ ನೋಡಬಹುದೇ? ಪಟ್ಟಿಗಳಲ್ಲಿ ಸಕ್ಕರೆ ನೀರು ಯಾವ ಕಡೆಗಿದೆ ಎಂಬುದು ಆಗ ಸ್ಪಷ್ಟವಾಗಿಯೇ ಇರುತ್ತದೆ.

ಆರೋಗ್ಯ ತರಬೇತಿದಾರೆ

ಆ ರೂಪವನ್ನೂ, ಶೀರ್ಷಿಕೆಯಲ್ಲಿ "ಮಗುವಿಗೂ" ಎಂದಿರುವ ರೂಪವನ್ನೂ ಜೆರಾಕ್ಸ್ ಮಾಡಿಸಿ ಮುಂದಿನ ವಾರದ ಸಭೆಯಲ್ಲಿ ಬೇರೆ ಬೇರೆ ಗುಂಪುಗಳಿಗೆ ಹತ್ತು ಸೆಕೆಂಡು ತೋರಿಸುತ್ತೇನೆ. ಈ ಬಾರಿ "ಏನಿತ್ತು" ಎಂದು ಕೇಳದೆ, "ನಾಲ್ಕು ತಿಂಗಳ ಮಗುವಿಗೆ ಭೇದಿಯಾಗಿದೆ, ಓಆರ್‌ಎಸ್ ಕೊಡುತ್ತೀರಾ" ಎಂದೇ ಕೇಳುತ್ತೇನೆ. ಅವರು ಬರೆದದ್ದನ್ನು ಇಲ್ಲಿಯೇ ತಿಳಿಸುತ್ತೇನೆ.